ಪಿತ್ತವೋ, ಮೈಗ್ರೇನೋ, ಟೆನ್ಶನ್ ತಲೆನೋವೋ: ಗುರುತಿಸುವ ಬಗೆ, ಆಸ್ಪತ್ರೆಗೆ ಹೋಗುವ ಹೊತ್ತು

ಮಲೆನಾಡಿನ ಮನೆಗಳಲ್ಲಿ ಪದೇ ಪದೇ ಬರುವ ತಲೆನೋವಿಗೆ ಸಾಮಾನ್ಯವಾಗಿ ಮೂರು ಹೆಸರುಗಳಿವೆ. ವಾಂತಿಯಾದರೆ ಪಿತ್ತ, ಹಣೆ ನೋಯುತ್ತಾ ಮೂಗು ಕಟ್ಟಿದರೆ ಸೈನಸ್, ವಯಸ್ಸು ನಲವತ್ತು ದಾಟಿದ್ದರೆ ಬಿಪಿ. ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆಯ ಮೂವತ್ತಾರು ವರ್ಷದ ಗೃಹಿಣಿಯೊಬ್ಬರು ನನ್ನ ಬಳಿ ಬಂದಾಗ ಈ ಮೂರೂ ಹೆಸರುಗಳನ್ನು ಹೊತ್ತು ಬಂದಿದ್ದರು. ಪಿತ್ತಕ್ಕೆ ಜೀರಿಗೆ ಕಷಾಯ ಮತ್ತು ಮುರುಗಲು ಪಾನಕ, ಸೈನಸ್ಸಿಗೆ ಹಬೆ, ಬಿಪಿ ಇರಬಹುದೆಂದು ಉಪ್ಪು ಕಡಿಮೆ. ಇವುಗಳ ಜೊತೆಗೆ ಪೇಟೆಯ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಗಳ ಸ್ಟ್ರಿಪ್ಪೊಂದು ಸದಾ ಅವರ ಅಡುಗೆಮನೆಯ ಕಪಾಟಿನಲ್ಲಿ ಇರುತ್ತಿತ್ತು. ಎಂಟು ವರ್ಷದ ನೋವು ಅದು. ಅವರಿಗೆ ನಿಜವಾಗಿ ಇದ್ದದ್ದು ಮೈಗ್ರೇನ್ ಮತ್ತು ಟೆನ್ಶನ್ ತಲೆನೋವು ಎರಡೂ, ಅವುಗಳ ಮೇಲೆ ಮಾತ್ರೆಗಳಿಂದಲೇ ಹುಟ್ಟಿದ ಮೂರನೆಯದೊಂದು. ಅವರ ಕಥೆಯನ್ನು ಜೊತೆಗಿಟ್ಟುಕೊಂಡೇ ಈ ಹೆಜ್ಜೆಗಳನ್ನು ವಿವರಿಸುತ್ತೇನೆ.

ಮೊದಲ ಹೆಜ್ಜೆ: ಇದು ಕಾಯಬಾರದ ತಲೆನೋವೇ ಎಂದು ನೋಡಿ

ಮೈಗ್ರೇನೋ ಟೆನ್ಶನ್ನೋ ಎಂಬ ಪ್ರಶ್ನೆ ಎರಡನೆಯದು. ಇವೆರಡರಲ್ಲಿ ಯಾವುದೇ ಆದರೂ ಜೀವ ತೆಗೆಯುವ ನೋವಲ್ಲ. ಜೀವಕ್ಕೆ ಎರವಾಗಬಲ್ಲ ತಲೆನೋವುಗಳು ಬೇರೆ ಇವೆ, ಅವನ್ನು ಮೊದಲು ಬದಿಗೆ ಸರಿಸಿಕೊಳ್ಳಬೇಕು.

ಒಂದು ನಿಮಿಷದೊಳಗೆ ಪೂರ್ತಿ ತೀವ್ರತೆಗೆ ಏರಿದ, ಬದುಕಿನಲ್ಲಿ ಹಿಂದೆಂದೂ ಕಾಣದಂಥ ನೋವು ಮಿದುಳಿನ ಸುತ್ತ ರಕ್ತ ಸೋರಿದ ಸೂಚನೆಯಾಗಿರಬಹುದು. ಮೈಗ್ರೇನ್ ಎಷ್ಟೇ ಕ್ರೂರವಾಗಿದ್ದರೂ ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷವೋ ಒಂದೆರಡು ಗಂಟೆಯೋ ತೆಗೆದುಕೊಂಡು ಏರುತ್ತದೆ. ಈ ರಕ್ತಸ್ರಾವವನ್ನು ಹಿಡಿಯಲು ಸಿ.ಟಿ. ಸ್ಕ್ಯಾನ್ ಅತ್ಯಂತ ನಂಬಿಕೆಗೆ ಅರ್ಹವಾಗಿರುವುದು ನೋವು ಶುರುವಾದ ಮೊದಲ ಆರು ಗಂಟೆಗಳಲ್ಲಿ. ಮುಖ ಓರೆಯಾಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು ತಲೆನೋವಿನ ಜೊತೆಗೆ ಬಂದರೆ ಪಾರ್ಶ್ವವಾಯು ಎಂದೇ ಭಾವಿಸಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು ಅರವತ್ತು ಕಿಲೋಮೀಟರ್. ಅದರಾಚೆಯ ಹಳ್ಳಿಯವರಿಗೆ ಮಳೆಗಾಲದಲ್ಲಿ ಮನೆಯಿಂದ ಮುಖ್ಯರಸ್ತೆಗೆ ಬರುವುದಕ್ಕೇ ಅರ್ಧ ಗಂಟೆ ಬೇಕು. ಹಾಗಾಗಿ ಇಂಥ ಲಕ್ಷಣ ಕಂಡ ಕೂಡಲೇ 108ಕ್ಕೆ ಕರೆ ಮಾಡಿ. ಹತ್ತಿರದ ಚಿಕಿತ್ಸಾಲಯದಲ್ಲಿ ಒಂದು ಚುಚ್ಚುಮದ್ದು ಹಾಕಿಸಿ, ರಾತ್ರಿ ಕಳೆದು ನೋಡೋಣ ಎಂದುಕೊಂಡರೆ ಆ ಗಂಟೆಗಳು ಮತ್ತೆ ಸಿಗುವುದಿಲ್ಲ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು.

ಎರಡನೆಯದು ನಮ್ಮ ಊರುಗಳಿಗೆ ವಿಶೇಷವಾದದ್ದು. ತಲೆನೋವಿನ ಜೊತೆ ಜ್ವರ ಇದ್ದರೆ ಅದನ್ನು ಮೈಗ್ರೇನ್ ಪಟ್ಟಿಗೆ ಸೇರಿಸಲೇಬೇಡಿ. ಮೈಗ್ರೇನ್ ಆಗಲಿ ಟೆನ್ಶನ್ ತಲೆನೋವಾಗಲಿ ಜ್ವರ ತರುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಶುರುವಾಗುವುದೇ ಹಠಾತ್ ಜ್ವರ, ಹಣೆಯ ಭಾಗದ ತೀವ್ರ ತಲೆನೋವು ಮತ್ತು ಮೈಕೈ ನೋವಿನಿಂದ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ ಹೆಚ್ಚು. ದರಕು ತರಲು, ಸೊಪ್ಪು ಕಡಿಯಲು ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಜ್ವರ ಇಳಿದು ಒಂದೆರಡು ವಾರ ಆರಾಮವಾಗಿದ್ದು, ಮತ್ತೆ ತೀವ್ರ ತಲೆನೋವು, ನಡುಕ, ಮಂಕು ಕವಿಯುವಿಕೆಯೊಂದಿಗೆ ಮರಳುತ್ತದೆ. ಈ ಕಾಯಿಲೆಯಲ್ಲೂ ಡೆಂಗಿಯಲ್ಲೂ ರಕ್ತಸ್ರಾವದ ಅಪಾಯ ಇರುವುದರಿಂದ ತಲೆನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ತೆಗೆದುಕೊಳ್ಳುವುದು ಅಪಾಯ. ಜ್ವರ ಇರುವವರೆಗೆ ಪ್ಯಾರಾಸಿಟಮಾಲ್ ಒಂದೇ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಡಿಗೆ ಹೋಗಿದ್ದನ್ನು ಹೇಳಿ ರಕ್ತ ಪರೀಕ್ಷೆ ಮಾಡಿಸಬೇಕು. ಜ್ವರದೊಂದಿಗೆ ಕುತ್ತಿಗೆ ಬಿಗಿದು ಗಲ್ಲ ಎದೆಗೆ ತಾಗದಿದ್ದರೆ ಮಿದುಳುಪೊರೆಯ ಸೋಂಕಿನ ಶಂಕೆ, ಆಗ ದೊಡ್ಡ ಆಸ್ಪತ್ರೆಯೇ ಸರಿ.

ಮರದಿಂದಲೋ ಬೈಕಿನಿಂದಲೋ ಬಿದ್ದವರ ಮಾತೂ ಇದೆ. ಬಿದ್ದ ದಿನ ಏನೂ ಆಗದೆ, ಎರಡು ಮೂರು ವಾರಗಳ ಬಳಿಕ ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ನಿದ್ದೆಗಣ್ಣು, ನಡಿಗೆಯಲ್ಲಿ ವಾಲುವಿಕೆ ಬಂದರೆ ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಕೂಡಿಕೊಂಡಿರಬಹುದು. ವಯಸ್ಸಾದವರಲ್ಲಿ, ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಸಣ್ಣ ಏಟೂ ಸಾಕು. ಉಳಿದವನ್ನು ಚಿಕ್ಕದಾಗಿ ಹೇಳುತ್ತೇನೆ: ಐವತ್ತರ ಬಳಿಕ ಮೊದಲ ಬಾರಿಗೆ ಶುರುವಾದ ತಲೆನೋವು; ಗರ್ಭಿಣಿಯರಲ್ಲಿ ಮತ್ತು ಬಾಣಂತಿಯರಲ್ಲಿ ಹೊಸದಾಗಿ ಬಂದ ತೀವ್ರ ನೋವು; ಕೆಮ್ಮಿದರೆ, ಬಗ್ಗಿದರೆ, ಮಲಗಿದರೆ ಮಾತ್ರ ಬರುವ ನೋವು; ಒಂದು ಕಣ್ಣು ಕೆಂಪಾಗಿ ದೃಷ್ಟಿ ಮಂಜಾಗುವ ನೋವು; ವಾರದಿಂದ ವಾರಕ್ಕೆ ಏರುತ್ತಲೇ ಹೋಗುವ ನೋವು. ಇವುಗಳಲ್ಲಿ ಯಾವುದು ಇದ್ದರೂ ಮುಂದಿನ ಹೆಜ್ಜೆಗಳನ್ನು ಓದುತ್ತಾ ಕೂರದೆ ವೈದ್ಯರನ್ನು ಕಾಣಿ. ಬಾಣಂತಿಯ ತಲೆನೋವನ್ನು ಶೀತ, ನಿದ್ದೆಗೇಡು ಎಂದು ತಳ್ಳಿಹಾಕುವುದು ನಮ್ಮಲ್ಲಿ ಇನ್ನೂ ಇದೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹೆರಿಗೆಯ ನಂತರದ ಆರು ವಾರಗಳಲ್ಲಿ ಹೆಚ್ಚು ಎಂಬುದನ್ನು ಮನೆಯ ಹಿರಿಯರು ತಿಳಿದಿರಬೇಕು.

ಹೊಸನಗರದ ಆ ಗೃಹಿಣಿಗೆ ಇವಾವುವೂ ಇರಲಿಲ್ಲ. ನೋವು ಎಂಟು ವರ್ಷ ಹಳೆಯದು, ನರಪರೀಕ್ಷೆ ಸರಿಯಾಗಿತ್ತು, ಬಿಪಿ 122/78. ರಕ್ತದೊತ್ತಡ ಸ್ವಲ್ಪ ಏರಿದ್ದರೆ ತಲೆ ನೋಯುವುದಿಲ್ಲ. ವಿಪರೀತ ಏರಿದಾಗ ಮಾತ್ರ, ಅದೂ ಬೇರೆ ಲಕ್ಷಣಗಳೊಂದಿಗೆ, ನೋವು ಬರುತ್ತದೆ. ಅವರ ಮೂರು ಹೆಸರುಗಳಲ್ಲಿ ಒಂದು ಅಲ್ಲಿಗೇ ಬಿದ್ದುಹೋಯಿತು.

ಎರಡನೆಯ ಹೆಜ್ಜೆ: ನೋವಿರುವಾಗ ನೀವು ಏನು ಮಾಡುತ್ತೀರಿ?

ಹೆಚ್ಚಿನವರು ಎಲ್ಲಿ ನೋವು ಎಂಬುದರಿಂದ ಶುರು ಮಾಡುತ್ತಾರೆ. ಅದು ದಾರಿ ತಪ್ಪಿಸುತ್ತದೆ. ಅರೆತಲೆ ನೋವು ಎಂಬ ನಮ್ಮ ಹಳೆಯ ಹೆಸರು ಚಂದವಾಗಿದೆ, ಆದರೆ ಮೈಗ್ರೇನ್ ಇರುವ ಎಷ್ಟೋ ಮಂದಿಗೆ ನೋವು ಎರಡೂ ಬದಿಗೆ ಇರುತ್ತದೆ, ಕುತ್ತಿಗೆಯಿಂದಲೂ ಶುರುವಾಗುತ್ತದೆ. ಹಾಗೆಯೇ ಟೆನ್ಶನ್ ತಲೆನೋವು ಎಂದ ಮಾತ್ರಕ್ಕೆ ಮನಸ್ಸಿನಲ್ಲಿ ಚಿಂತೆ ಇರಲೇಬೇಕೆಂದಿಲ್ಲ. ಚಿಂತೆ ಮೈಗ್ರೇನನ್ನೂ ಕೆರಳಿಸುತ್ತದೆ. ಎರಡು ಹೆಸರುಗಳೂ ಕಾಯಿಲೆಯ ಒಳಗನ್ನು ಸರಿಯಾಗಿ ಹೇಳುವುದಿಲ್ಲ.

ನಾನು ಕೇಳುವ ಮೊದಲ ಪ್ರಶ್ನೆ ಹೀಗಿರುತ್ತದೆ: “ನೋವು ಜೋರಾಗಿದ್ದಾಗ ಅಟ್ಟದ ಮೆಟ್ಟಿಲು ಹತ್ತಬಲ್ಲಿರಾ? ಬಾವಿಯಿಂದ ಒಂದು ಕೊಡ ನೀರು ತರಬಲ್ಲಿರಾ?” ಟೆನ್ಶನ್ ತಲೆನೋವಿನವರು ಹತ್ತಬಲ್ಲರು, ತರಬಲ್ಲರು. ಬೇಸರವಾಗಿರುತ್ತದೆ, ತಲೆಗೆ ಪಟ್ಟಿ ಬಿಗಿದ ಹಾಗೆ, ನೆತ್ತಿಯ ಮೇಲೆ ಭಾರ ಇಟ್ಟ ಹಾಗೆ ಇರುತ್ತದೆ, ಆದರೂ ಕೆಲಸ ಸಾಗುತ್ತದೆ; ಕೆಲವರಿಗೆ ಒಂದು ಸುತ್ತು ನಡೆದು ಬಂದರೆ ಹಗುರವೂ ಆಗುತ್ತದೆ. ಮೈಗ್ರೇನಿನವರಿಗೆ ಆ ನಾಲ್ಕು ಮೆಟ್ಟಿಲುಗಳು ನೋವನ್ನು ಹೆಚ್ಚಿಸುತ್ತವೆ. ಬಗ್ಗಿದರೆ ತಲೆಯೊಳಗೆ ನಾಡಿ ಹೊಡೆದುಕೊಳ್ಳುತ್ತದೆ. ಅವರು ಅಲುಗಾಡದೆ ಮಲಗಲು ಜಾಗ ಹುಡುಕುತ್ತಾರೆ.

ಆ ಗೃಹಿಣಿ ಯೋಚಿಸದೆ ಹೇಳಿದರು: “ಇಲ್ಲ ಡಾಕ್ಟರೇ, ನಡುಮನೆಯ ಬಾಗಿಲು ಹಾಕಿಕೊಂಡು, ಕಣ್ಣಿಗೆ ಸೆರಗು ಸುತ್ತಿಕೊಂಡು ಮಲಗಿಬಿಡುತ್ತೇನೆ. ಕುಕ್ಕರಿನ ಸೀಟಿ ಕೇಳಿದರೂ ತಡೆಯಲಾಗುವುದಿಲ್ಲ. ಅತ್ತೆಗೆ ನಾನು ನೆಪ ಹೇಳುತ್ತೇನೆ ಎಂಬ ಅನುಮಾನ.” ಬೆಳಕೂ ಸದ್ದೂ ಎರಡೂ ಸಹಿಸಲಾಗದಿರುವುದು ಮೈಗ್ರೇನಿನ ಗುರುತು. ಟೆನ್ಶನ್ ತಲೆನೋವಿನಲ್ಲಿ ಹೆಚ್ಚೆಂದರೆ ಅವುಗಳಲ್ಲಿ ಒಂದು ಮಾತ್ರ ಕಾಡಬಹುದು.

ಇನ್ನು ಹೊಟ್ಟೆ. ಓಕರಿಕೆ ಮತ್ತು ವಾಂತಿ ಮೈಗ್ರೇನಿನ ಭಾಗವೇ. ದಾಳಿಯ ಹೊತ್ತಿನಲ್ಲಿ ಜಠರದ ಚಲನೆ ನಿಧಾನವಾಗುತ್ತದೆ, ತಿಂದದ್ದು ಅಲ್ಲೇ ನಿಲ್ಲುತ್ತದೆ, ಬರಿಹೊಟ್ಟೆಯಲ್ಲಿ ವಾಂತಿಯಾದಾಗ ಹಳದಿ ನೀರು ಬರುತ್ತದೆ. ವಾಂತಿಯ ಬಳಿಕ ಹಲವರಿಗೆ ನೋವು ತಗ್ಗುತ್ತದೆ. ಹಳದಿ ನೀರು ಹೋಯಿತು, ನೋವು ಹೋಯಿತು, ಹಾಗಾಗಿ ಪಿತ್ತವೇ ಕಾರಣ ಎಂದು ನಮ್ಮ ಹಿರಿಯರು ಊಹಿಸಿದ್ದು ಸಹಜ. ಅವರು ಕಂಡದ್ದು ನಿಜ. ಕಾರಣ ಮಾತ್ರ ಹೊಟ್ಟೆಯಲ್ಲಿಲ್ಲ, ಮಿದುಳಿನಲ್ಲಿದೆ. “ಪಿತ್ತದ ತಲೆನೋವು” ಎಂದು ಯಾರಾದರೂ ಹೇಳಿದರೆ ನಾನು ಮೊದಲು ಯೋಚಿಸುವುದು ಮೈಗ್ರೇನ್ ಬಗ್ಗೆ. ಸೈನಸ್ ಎಂಬ ಹೆಸರಿನ ಹಿಂದೆಯೂ ಬಹಳ ಸಲ ಇದೇ ಇರುತ್ತದೆ, ಏಕೆಂದರೆ ಮೈಗ್ರೇನ್ ದಾಳಿಯಲ್ಲಿ ಮೂಗು ಕಟ್ಟುವುದು, ಕಣ್ಣಲ್ಲಿ ನೀರು ಬರುವುದು ಸಾಮಾನ್ಯ. ಗಟ್ಟಿಯಾದ ಹಳದಿ ಸಿಂಬಳ, ಜ್ವರ, ವಾಸನೆ ತಿಳಿಯದಿರುವುದು ಇಲ್ಲದೆ ಬರೀ ಹಣೆನೋವು ಬಂದು ಹೋಗುತ್ತಿದ್ದರೆ ಅದು ಸೈನಸ್ ಆಗಿರುವ ಸಂಭವ ಕಡಿಮೆ.

ಓಕರಿಕೆ, ಬೆಳಕು ಸಹಿಸಲಾಗದಿರುವುದು, ಕಳೆದ ಮೂರು ತಿಂಗಳಲ್ಲಿ ಒಂದು ದಿನವಾದರೂ ನೋವಿನಿಂದ ಕೆಲಸ ಕೆಟ್ಟಿರುವುದು. ಈ ಮೂರರಲ್ಲಿ ಎರಡಕ್ಕೆ ಹೌದು ಎಂದರೆ ಮೈಗ್ರೇನ್ ಆಗಿರುವ ಸಾಧ್ಯತೆ ಬಲವಾಗಿದೆ. ಇದು ವೈದ್ಯರೂ ಬಳಸುವ ಚಿಕ್ಕ ಪರೀಕ್ಷೆ. ನಾನು ಇನ್ನೊಂದನ್ನು ಸೇರಿಸುತ್ತೇನೆ: ಚಿಕ್ಕಂದಿನಲ್ಲಿ ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಿರಾ, ನಿಮ್ಮ ಅಮ್ಮನಿಗೋ ಚಿಕ್ಕಮ್ಮನಿಗೋ ಇಂಥದ್ದೇ ತಲೆನೋವಿತ್ತೇ? ಮೈಗ್ರೇನ್ ಇರುವವರಲ್ಲಿ ಪ್ರಯಾಣದ ವಾಂತಿ ಹೆಚ್ಚು, ಕುಟುಂಬದಲ್ಲೂ ಅದು ಹರಿದು ಬರುತ್ತದೆ.

ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಮಿಂಚುವ ಅಂಕುಡೊಂಕು ಗೆರೆಗಳು ಕಾಣುತ್ತವೆ. ಅದನ್ನು ಆರಾ ಎನ್ನುತ್ತಾರೆ. ಅದು ಐದು ನಿಮಿಷಕ್ಕೂ ಮಿಕ್ಕಿ ನಿಧಾನವಾಗಿ ಹರಡಿ, ಒಂದು ಗಂಟೆಯೊಳಗೆ ಮಾಯವಾಗುತ್ತದೆ. ಪಾರ್ಶ್ವವಾಯುವಿನಲ್ಲಿ ದೃಷ್ಟಿಯೋ ಬಲವೋ ಥಟ್ಟನೆ ಹೋಗುತ್ತದೆ. ಮೊದಲ ಸಲ ಹೀಗಾದಾಗ ಮನೆಯವರು ಈ ವ್ಯತ್ಯಾಸವನ್ನು ತೀರ್ಮಾನಿಸಲು ಹೋಗಬಾರದು, ಆಸ್ಪತ್ರೆಗೇ ಕರೆದೊಯ್ಯಬೇಕು. ಆರಾ ಇರುವ ಮಹಿಳೆಯರು ಈಸ್ಟ್ರೋಜನ್ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬಾರದು. ಅದನ್ನು ಸ್ತ್ರೀರೋಗ ತಜ್ಞರಿಗೆ ತಪ್ಪದೆ ಹೇಳಿ.

ಅವಧಿಯನ್ನೂ ನೋಡಿ. ಔಷಧ ಇಲ್ಲದಿದ್ದರೆ ದೊಡ್ಡವರಲ್ಲಿ ಮೈಗ್ರೇನ್ ನಾಲ್ಕು ಗಂಟೆಯಿಂದ ಮೂರು ದಿನ ಇರುತ್ತದೆ. ಟೆನ್ಶನ್ ತಲೆನೋವು ಅರ್ಧ ಗಂಟೆಯಲ್ಲೂ ಮುಗಿಯಬಹುದು, ವಾರವಿಡೀ ಮಂದವಾಗಿ ಉಳಿಯಲೂಬಹುದು.

ಮೂರನೆಯ ಹೆಜ್ಜೆ: ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಎಂಟು ವರ್ಷದ ನೋವನ್ನು ಹತ್ತು ನಿಮಿಷದಲ್ಲಿ ನೆನಪಿನಿಂದ ಹೇಳಲು ಯಾರಿಗೂ ಆಗುವುದಿಲ್ಲ. ಜೋರು ನೋವಿನ ದಿನಗಳು ಮಾತ್ರ ನೆನಪಿರುತ್ತವೆ, ಮಂದ ನೋವಿನ ದಿನಗಳು ಮರೆತುಹೋಗಿರುತ್ತವೆ. ಅದಕ್ಕೆ ನಾನು ಅವರಿಗೆ ಒಂದು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿದೆ. ಕೆಲಸ ಮಾಡಲು ಆದ ನೋವಿಗೆ ಒಂದು ಗೆರೆ, ಮಲಗಬೇಕಾದ ನೋವಿಗೆ ಅಡ್ಡಗೆರೆ ಸೇರಿಸಿ ಗುಣಿಸು ಚಿಹ್ನೆ, ಮಾತ್ರೆ ನುಂಗಿದರೆ ಒಂದು ಚುಕ್ಕೆ, ಮುಟ್ಟಿನ ದಿನಕ್ಕೆ ಒಂದು ಸುತ್ತು. ಬರೆಯುವುದು ಹೆಚ್ಚಾದರೆ ಯಾರೂ ಬರೆಯುವುದಿಲ್ಲ, ಇಷ್ಟೇ ಸಾಕು.

ಡಿಸೆಂಬರ್ ತಿಂಗಳು, ಅಡಿಕೆ ಕೊಯ್ಲಿನ ಕಾಲ. ಅವರು ತಂದ ಕ್ಯಾಲೆಂಡರಿನಲ್ಲಿ ಹದಿನೆಂಟು ದಿನ ಗುರುತಿತ್ತು. ಅವುಗಳಲ್ಲಿ ಹದಿಮೂರು ಬರೀ ಗೆರೆಗಳು, ಐದು ಗುಣಿಸು ಚಿಹ್ನೆಗಳು. ಆ ಐದನ್ನು ಒಂದೊಂದಾಗಿ ಓದಿದೆವು. ಆರು ಮತ್ತು ಏಳನೆಯ ತಾರೀಖು ಮುಟ್ಟಿಗೆ ಮುಂಚಿನ ಎರಡು ದಿನಗಳು. ಆಗ ಈಸ್ಟ್ರೋಜನ್ ಮಟ್ಟ ಕುಸಿಯುವುದರಿಂದ ಮೈಗ್ರೇನ್ ಕೆರಳುವುದು ಸಾಮಾನ್ಯ. ಹದಿನೈದು ಮತ್ತು ಹದಿನಾರು ಅಡಿಕೆ ಬೇಯಿಸಿದ ದಿನಗಳು. ಹಂಡೆಯ ಹೊಗೆ, ಕುದಿಯುವ ಚೊಗರಿನ ಘಾಟು, ಅದರ ಮೇಲೆ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ. ಘಾಟು ವಾಸನೆ ಮತ್ತು ಬರಿಹೊಟ್ಟೆ ಎರಡೂ ಒಟ್ಟಿಗೆ ಸೇರಿದ್ದವು. ಇಪ್ಪತ್ತೇಳು ಸಾಗರದಲ್ಲಿ ಮದುವೆ, ಹಿಂದಿನ ರಾತ್ರಿ ಅರೆನಿದ್ದೆ, ಬಸ್ಸಿನ ಪ್ರಯಾಣ. ಒಂದೇ ಕಾರಣದಿಂದ ಮೈಗ್ರೇನ್ ಬರುವುದು ಅಪರೂಪ, ಎರಡು ಮೂರು ಕೂಡಿದಾಗ ಬರುತ್ತದೆ ಎಂಬುದು ಈ ಐದು ಗುರುತುಗಳಲ್ಲಿ ಕಾಣುತ್ತಿತ್ತು. ಅದಕ್ಕೇ ನಿನ್ನೆ ತಿಂದರೆ ಬಾರದ ನೋವು ಇಂದು ಅದನ್ನೇ ತಿಂದಾಗ ಬರುತ್ತದೆ; ಹಲಸು, ಬದನೆ ಎಂದು ಒಂದೊಂದೇ ಪದಾರ್ಥ ಬಿಡುತ್ತಾ ಹೋಗುವುದರಿಂದ ಊಟ ಸೊರಗುತ್ತದೆ ಅಷ್ಟೇ.

ಹದಿಮೂರು ಗೆರೆಗಳಲ್ಲಿ ಹೆಚ್ಚಿನವು ಸಂಜೆಯವು. ಮೆಟ್ಟುಗತ್ತಿಯ ಮುಂದೆ ಕುಳಿತು ಕುತ್ತಿಗೆ ಬಗ್ಗಿಸಿ ರಾತ್ರಿ ಹತ್ತರವರೆಗೆ ಅಡಿಕೆ ಸುಲಿದ ದಿನಗಳು ಅವು. ಕತ್ತಿನ ಹಿಂದೆ ಬಿಗಿತ, ಎರಡೂ ಕಣತಲೆಗಳಲ್ಲಿ ಒತ್ತಿದ ಹಾಗೆ ನೋವು, ವಾಂತಿ ಇಲ್ಲ, ಹರಟೆ ಹೊಡೆಯುತ್ತಾ ಕೆಲಸ ಮುಂದುವರಿದಿದೆ. ಇದು ಟೆನ್ಶನ್ ತಲೆನೋವು. ಹೀಗೆ ಒಬ್ಬರಲ್ಲೇ ಎರಡೂ ಇರಬಹುದು, ಆದ್ದರಿಂದ “ನನಗಿರುವುದು ಯಾವುದು” ಎಂದು ಕೇಳುವ ಬದಲು “ಇವತ್ತಿನದು ಯಾವುದು” ಎಂದು ಕೇಳಿಕೊಳ್ಳುವುದು ಉಪಯುಕ್ತ.

ಆದರೆ ನನ್ನನ್ನು ಚಿಂತೆಗೆ ಹಚ್ಚಿದ್ದು ಚುಕ್ಕೆಗಳು. ಹದಿನಾಲ್ಕು ದಿನ ಮಾತ್ರೆ. ಕೆಲವು ಗೆರೆಗಳು ಬೆಳಿಗ್ಗೆ ಏಳುವಾಗಲೇ ಇದ್ದವು, ಅಡಿಕೆ ಸುಲಿಯದ ದಿನವೂ ಇದ್ದವು.

ನಾಲ್ಕನೆಯ ಹೆಜ್ಜೆ: ಮಾತ್ರೆಯ ದಿನಗಳನ್ನು ಎಣಿಸಿ

ತಲೆನೋವಿನ ಮಾತ್ರೆಯನ್ನು ಹೆಚ್ಚು ದಿನ ತೆಗೆದುಕೊಂಡರೆ ಅದೇ ತಲೆನೋವು ತರುತ್ತದೆ. ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಒಂದನ್ನೇ ನುಂಗುವವರಿಗೆ ಇದರ ಮಿತಿ ತಿಂಗಳಿಗೆ ಹದಿನೈದು ದಿನ. ಎರಡು ಮೂರು ಔಷಧಗಳು ಕೂಡಿದ ಮಾತ್ರೆ, ಮೈಗ್ರೇನಿಗೆಂದೇ ಕೊಡುವ ಎರ್ಗೊಟಮಿನ್ ಅಥವಾ ಟ್ರಿಪ್ಟಾನ್ ಮಾತ್ರೆಗಳಿಗೆ ಹತ್ತೇ ದಿನ. ಮೂರು ತಿಂಗಳಿಗೂ ಹೆಚ್ಚು ಹೀಗೆ ಸಾಗಿ, ತಿಂಗಳಲ್ಲಿ ಹದಿನೈದು ದಿನವೋ ಅದಕ್ಕಿಂತ ಹೆಚ್ಚೋ ತಲೆ ನೋಯತೊಡಗಿದರೆ ಮಾತ್ರೆಯನ್ನೇ ಅನುಮಾನಿಸಬೇಕು. ಎಣಿಸಬೇಕಾದದ್ದು ಮಾತ್ರೆಗಳನ್ನಲ್ಲ, ದಿನಗಳನ್ನು. ಅವರು ತಂದ ಸ್ಟ್ರಿಪ್ಪಿನ ಹಿಂದೆ ಓದಿದಾಗ ಎರ್ಗೊಟಮಿನ್, ಕೆಫೀನ್, ಪ್ಯಾರಾಸಿಟಮಾಲ್ ಎಂದಿತ್ತು. ಕೂಡಿದ ಮಾತ್ರೆ, ಹದಿನಾಲ್ಕು ದಿನ, ಒಂದು ವರ್ಷದಿಂದ.

ಸುರಕ್ಷಿತವಾಗಿ ಬಳಸುವ ಬಗೆ ಹೀಗಿದೆ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ನೋವಿನ ಮಾತ್ರೆ ಬೇಡ. ಟೆನ್ಶನ್ ತಲೆನೋವಿಗೆ, ತೂಕ ಐವತ್ತು ಕಿಲೋಗಿಂತ ಹೆಚ್ಚಿರುವ, ಯಕೃತ್ತಿನ ತೊಂದರೆ ಇಲ್ಲದ ದೊಡ್ಡವರಿಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಮಿನ ಎರಡು ಮಾತ್ರೆ ಸಾಕು. ಎಷ್ಟೋ ಸಲ ಎದ್ದು ಹತ್ತು ನಿಮಿಷ ನಡೆದು, ಕುತ್ತಿಗೆಗೆ ಬಿಸಿ ಶಾಖ ಕೊಟ್ಟರೆ ಅದೂ ಬೇಕಾಗುವುದಿಲ್ಲ. ಮೈಗ್ರೇನಿಗೆ ಮಾತ್ರೆಯ ಹೊತ್ತು ಮುಖ್ಯ. ನೋವು ಇನ್ನೂ ಹಗುರವಾಗಿರುವಾಗಲೇ ತೆಗೆದುಕೊಳ್ಳಬೇಕು. ತಡೆಯುವಷ್ಟು ತಡೆದು, ವಾಂತಿ ಶುರುವಾದ ಮೇಲೆ ನುಂಗಿದರೆ ಜಠರದಲ್ಲೇ ನಿಂತ ಮಾತ್ರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. “ಮಾತ್ರೆ ಕೆಲಸ ಮಾಡಲಿಲ್ಲ” ಎನ್ನುವವರಲ್ಲಿ ಬಹಳ ಮಂದಿ ತಡವಾಗಿ ತೆಗೆದುಕೊಂಡವರು. ಐಬುಪ್ರೊಫೆನ್ 400 ಮಿಲಿಗ್ರಾಂ ಹಲವರಿಗೆ ಸಾಕಾಗುತ್ತದೆ, ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯದ ಕಾಯಿಲೆ, ನೋವಿನ ಮಾತ್ರೆಗೆ ಕೆರಳುವ ಉಬ್ಬಸ ಇರುವವರಿಗೂ ಗರ್ಭಿಣಿಯರಿಗೂ ಅದು ಬೇಡ. ಸುಮಟ್ರಿಪ್ಟಾನ್ ಮೈಗ್ರೇನಿಗೆಂದೇ ಇರುವ ಒಳ್ಳೆಯ ಔಷಧ. ಹೃದಯದ ಕಾಯಿಲೆ, ಹಿಂದೆ ಪಾರ್ಶ್ವವಾಯು, ಹತೋಟಿಗೆ ಬಾರದ ಬಿಪಿ ಇರುವವರು ತೆಗೆದುಕೊಳ್ಳಬಾರದು, ಹಾಗಾಗಿ ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ.

ಐದನೆಯ ಹೆಜ್ಜೆ: ತುರ್ತಿಲ್ಲದಿದ್ದರೂ ವೈದ್ಯರನ್ನು ಕಾಣಬೇಕಾದ ಹೊತ್ತು

ತಿಂಗಳಿಗೆ ನಾಲ್ಕು ದಿನವೋ ಅದಕ್ಕಿಂತ ಹೆಚ್ಚೋ ಮಲಗಿಸುವ ನೋವು, ಮಾತ್ರೆಯ ದಿನಗಳು ಎಂಟು ದಾಟುತ್ತಿರುವುದು, ಹಳೆಯ ನೋವು ತನ್ನ ಸ್ವಭಾವ ಬದಲಿಸಿರುವುದು. ಇವು ಒಂದೆರಡು ವಾರದೊಳಗೆ ವೈದ್ಯರನ್ನು ಕಾಣಲು ಸಾಕಷ್ಟು ಕಾರಣಗಳು. ತಾಲ್ಲೂಕು ಆಸ್ಪತ್ರೆಯ ಸಾಮಾನ್ಯ ವೈದ್ಯರಿಂದಲೇ ಚಿಕಿತ್ಸೆ ಶುರುವಾಗಬಹುದು, ಪ್ರತಿಯೊಬ್ಬರೂ ನರರೋಗ ತಜ್ಞರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಅಪಾಯದ ಲಕ್ಷಣ ಇಲ್ಲದೆ, ನರಪರೀಕ್ಷೆ ಸರಿಯಿದ್ದರೆ ಸ್ಕ್ಯಾನ್ ಕೂಡ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸ್ಕ್ಯಾನಿನಲ್ಲಿ ಮೈಗ್ರೇನ್ ಕಾಣುವುದಿಲ್ಲ. ಏನೂ ಇಲ್ಲ ಎಂಬ ವರದಿ ಬಂದಾಗ ಮನೆಯವರು ನೋವೇ ಸುಳ್ಳೆಂದು ತಿಳಿಯುವುದನ್ನು ನಾನು ಎಷ್ಟೋ ಸಲ ಕಂಡು ನೊಂದಿದ್ದೇನೆ.

ಆ ಗೃಹಿಣಿಗೆ ಕೂಡಿದ ಮಾತ್ರೆಯನ್ನು ಪೂರ್ತಿ ನಿಲ್ಲಿಸಲು ಹೇಳಿದೆ. ನಿಲ್ಲಿಸಿದ ಮೊದಲ ಹತ್ತು ದಿನ ನೋವು ಹೆಚ್ಚುತ್ತದೆ ಎಂಬುದನ್ನು ಅವರ ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡೇ ವಿವರಿಸಿದೆ, ಏಕೆಂದರೆ ಬಹಳ ಮಂದಿ ಸೋಲುವುದು ಆ ಹತ್ತು ದಿನಗಳಲ್ಲಿ. ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಕೊಟ್ಟೆ. ಅದು ಎರಡೂ ಬಗೆಯ ತಲೆನೋವನ್ನು ತಡೆಯುತ್ತದೆ, ಫಲ ಕಾಣಲು ಆರರಿಂದ ಎಂಟು ವಾರ ಬೇಕು, ಮೊದಲ ದಿನಗಳಲ್ಲಿ ಬಾಯಿ ಒಣಗುವುದು, ಬೆಳಿಗ್ಗೆ ಮಂಪರು ಇರುತ್ತದೆ. ಚಿಕ್ಕಂದಿನಿಂದ ಉಬ್ಬಸ ಇದ್ದದ್ದರಿಂದ ಅವರಿಗೆ ಮೈಗ್ರೇನ್ ತಡೆಯುವ ಇನ್ನೊಂದು ಔಷಧವಾದ ಪ್ರೊಪ್ರನೊಲಾಲ್ ಕೊಡುವಂತಿರಲಿಲ್ಲ. ಐಬುಪ್ರೊಫೆನ್ ಹಿಂದೆ ತೆಗೆದುಕೊಂಡಾಗ ಉಸಿರಿಗೆ ತೊಂದರೆಯಾಗಿರಲಿಲ್ಲ, ಹಾಗಾಗಿ ಗುಣಿಸು ಚಿಹ್ನೆಯ ದಿನಕ್ಕೆ ಮಾತ್ರ, ಶುರುವಿನಲ್ಲೇ, ವಾಂತಿ ತಡೆಯುವ ಮಾತ್ರೆಯೊಂದಿಗೆ ಅದನ್ನು ತೆಗೆದುಕೊಳ್ಳಲು ಹೇಳಿದೆ. ಮನೆಯಲ್ಲಿ ಎರಡು ಬದಲಾವಣೆ ಮಾಡಿಕೊಂಡರು. ಅಡಿಕೆ ಬೇಯಿಸುವ ದಿನ ಅವರ ಊಟ ಒಂದು ಗಂಟೆಗೆ ಮುಗಿಯುತ್ತಿತ್ತು, ಹಂಡೆಯ ಉಸ್ತುವಾರಿ ಗಂಡನ ಪಾಲಿಗೆ ಹೋಯಿತು. ಸುಲಿಯುವಾಗ ಮುಕ್ಕಾಲು ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬರುತ್ತಿದ್ದರು.

ಜನವರಿಯ ಮೊದಲ ವಾರ ಕಷ್ಟದ್ದಾಗಿತ್ತು, ಎರಡು ಸಲ ಫೋನ್ ಮಾಡಿದರು. ಮಾರ್ಚ್ ತಿಂಗಳ ಕ್ಯಾಲೆಂಡರಿನಲ್ಲಿ ಒಟ್ಟು ಏಳು ಗುರುತುಗಳಿದ್ದವು: ಐದು ಗೆರೆ, ಎರಡು ಗುಣಿಸು ಚಿಹ್ನೆ, ಎರಡೇ ಚುಕ್ಕೆ. ಆ ಎರಡೂ ಮುಟ್ಟಿನ ಹಿಂದಿನ ದಿನಗಳಾಗಿದ್ದವು.

ವೈದ್ಯರಲ್ಲಿಗೆ ಹೋಗುವಾಗ ಆ ಕ್ಯಾಲೆಂಡರಿನ ಹಾಳೆಯನ್ನೂ, ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ. ಉಬ್ಬಸ, ಹೊಟ್ಟೆಹುಣ್ಣು, ಗರ್ಭ ಧರಿಸುವ ಯೋಚನೆ ಇದ್ದರೆ ಅವರು ಕೇಳುವ ಮುನ್ನವೇ ಹೇಳಿ. ತಡೆಗಟ್ಟುವ ಔಷಧಗಳಲ್ಲಿ ವಾಲ್‌ಪ್ರೊಯೇಟ್ ಮತ್ತು ಟೋಪಿರಮೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲವು.